ರಕ್ತಸ್ರಾವವಾದ ಏಳು ವಾರಕ್ಕೆ ಎಚ್‌ಬಿಎ1ಸಿ 6.2 ಬಂದಿದೆ, ಇದನ್ನು ನಂಬಬಹುದೇ?

ಹರಿಹರದ ಮಗ

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರಿಗೆ 66 ವರ್ಷ, ಸಕ್ಕರೆ ಕಾಯಿಲೆ ಬಂದು ಹದಿನಾಲ್ಕು ವರ್ಷವಾಯಿತು. ಮೆಟ್‌ಫಾರ್ಮಿನ್ ಜೊತೆಗೆ ಗ್ಲಿಮೆಪಿರೈಡ್ 2 ಮಿಲಿಗ್ರಾಂ ತೆಗೆದುಕೊಳ್ಳುತ್ತಿದ್ದರು. ಮಂಡಿನೋವಿಗೆಂದು ಅಂಗಡಿಯಿಂದಲೇ ಮಾತ್ರೆ ತಂದು ತಿಂಗಳುಗಟ್ಟಲೆ ನುಂಗಿದ್ದರು. ಅದು ನಮಗೆ ಗೊತ್ತಾದದ್ದು ಮಲ ಟಾರಿನಂತೆ ಕಪ್ಪಗಾಗಿ, ಅವರು ಬಚ್ಚಲ ಬಾಗಿಲಲ್ಲಿ ಕುಸಿದು ಬಿದ್ದ ದಿನ. ಆಸ್ಪತ್ರೆಯಲ್ಲಿ ಎಂಡೋಸ್ಕೋಪಿ ಮಾಡಿದಾಗ ಜಠರದಲ್ಲಿ ಹುಣ್ಣಾಗಿ ರಕ್ತ ಸೋರಿರುವುದು ಕಂಡಿತು. ಮೊದಲು 13.4 ಇದ್ದ ಹಿಮೋಗ್ಲೋಬಿನ್ ಅಂದು 6.4ಕ್ಕೆ ಇಳಿದಿತ್ತು. ಎರಡು ಬಾಟಲಿ ರಕ್ತ ಕೊಟ್ಟು, 8.3 ಆದ ಮೇಲೆ ಕಬ್ಬಿಣದ ಮಾತ್ರೆ ಬರೆದು ಮನೆಗೆ ಕಳುಹಿಸಿದರು.

ಏಳು ವಾರದ ನಂತರ ನಾವು ಯಾವಾಗಲೂ ತೋರಿಸುವ ಕ್ಲಿನಿಕ್ಕಿಗೆ ಹೋದೆವು. ಹಿಮೋಗ್ಲೋಬಿನ್ 11.9 ಇತ್ತು. ಎಚ್‌ಬಿಎ1ಸಿ 6.2 ಬಂದಿತ್ತು. ರಕ್ತಸ್ರಾವಕ್ಕೆ ಮೂರು ತಿಂಗಳ ಹಿಂದೆ ಇದೇ ಪರೀಕ್ಷೆ 8.1 ತೋರಿಸಿತ್ತು. ವೈದ್ಯರು ಸಂತೋಷಪಟ್ಟು, ಸಕ್ಕರೆ ತೀರಾ ಇಳಿದುಬಿಡಬಾರದೆಂದು ಗ್ಲಿಮೆಪಿರೈಡನ್ನು 1 ಮಿಲಿಗ್ರಾಂಗೆ ಇಳಿಸಿದರು. ನನ್ನ ಗೊಂದಲವೆಂದರೆ, ಮನೆಯ ಗ್ಲುಕೋಮೀಟರಿನಲ್ಲಿ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ 165ರಿಂದ 180, ಊಟವಾದ ಎರಡು ಗಂಟೆಗೆ 220ರಿಂದ 240 ಬರುತ್ತಿದೆ. ಮಾತ್ರೆ ಇಳಿಸುವ ಮೊದಲೂ ಹೆಚ್ಚುಕಡಿಮೆ ಇಷ್ಟೇ ಇತ್ತು. ಅಪ್ಪನ ಊಟದಲ್ಲಿ ಯಾವ ಬದಲಾವಣೆಯೂ ಆಗಿಲ್ಲ. ಹಾಗಾದರೆ ಮೀಟರನ್ನು ನಂಬಬೇಕೋ, ಲ್ಯಾಬಿನ ವರದಿಯನ್ನೋ?

ಅಡಿಕೆ ತೋಟ

ನಿಮ್ಮ ಮೀಟರಿನ ಮೇಲೆ ನನಗೆ ಸಂಶಯವಿದೆ. ರಕ್ತ ಕಡಿಮೆಯಿರುವವರಲ್ಲಿ ಗ್ಲುಕೋಮೀಟರು ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತದೆಂದು ನಮ್ಮ ಅಣ್ಣನ ಡಯಾಲಿಸಿಸ್ ಸಮಯದಲ್ಲಿ ನರ್ಸ್ ಒಬ್ಬರು ಹೇಳಿದ್ದರು. ಎಚ್‌ಬಿಎ1ಸಿ ಕೂಡ ರಕ್ತ ಕಡಿಮೆಯಿದ್ದಾಗ ಇಳಿದೇ ಬರುತ್ತದೆ, ಏಕೆಂದರೆ ಸಕ್ಕರೆ ಅಂಟಿಕೊಳ್ಳಲು ಹಿಮೋಗ್ಲೋಬಿನ್ನೇ ಇರುವುದಿಲ್ಲ. ಆದರೆ ನಿಮ್ಮ ತಂದೆಯವರಿಗೆ ಈಗ 11.9 ಆಗಿದೆಯಲ್ಲ, ರಕ್ತ ಬಹುತೇಕ ತುಂಬಿಕೊಂಡಿದೆ. ಆದ್ದರಿಂದ 6.2 ಎಂಬುದು ಸರಿಯೇ ಇರಬೇಕು, ಮೀಟರನ್ನು ಬದಲಾಯಿಸಿ ನೋಡಿ.

ಪೆಥಾಲಜಿ ಪದ್ಮಿನಿ

ನಾನು ಮೂವತ್ತು ವರ್ಷ ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ಪೆಥಾಲಜಿಸ್ಟ್ ಆಗಿದ್ದು ಈಗ ನಿವೃತ್ತಳಾಗಿದ್ದೇನೆ. ಅಡಿಕೆ ತೋಟದವರು ಮೀಟರಿನ ಬಗ್ಗೆ ಹೇಳಿದ್ದು ನಿಜ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ. ಎಚ್‌ಬಿಎ1ಸಿ ಬಗ್ಗೆ ಹೇಳಿದ್ದನ್ನು ಮಾತ್ರ ಒಪ್ಪಲಾಗದು, ಮತ್ತು ಈ ತಪ್ಪು ತಿಳಿವಳಿಕೆಯಿಂದಲೇ ಇಂಥ ವರದಿಗಳು ಎಷ್ಟೋ ಮನೆಗಳಲ್ಲಿ ದಾರಿ ತಪ್ಪಿಸುತ್ತಿವೆ.

ಎಚ್‌ಬಿಎ1ಸಿ ಎಂಬುದು ಶೇಕಡಾ ಲೆಕ್ಕ. ಇರುವ ಹಿಮೋಗ್ಲೋಬಿನ್ನಿನಲ್ಲಿ ನೂರಕ್ಕೆ ಎಷ್ಟು ಭಾಗಕ್ಕೆ ಸಕ್ಕರೆ ಅಂಟಿದೆ ಎಂಬುದನ್ನಷ್ಟೇ ಅದು ಹೇಳುತ್ತದೆ. ಹಿಮೋಗ್ಲೋಬಿನ್ ಹದಿಮೂರಿರಲಿ ಎಂಟಿರಲಿ, ಕೇವಲ ಪ್ರಮಾಣದ ಕಾರಣಕ್ಕೆ ಆ ಶೇಕಡಾ ಬದಲಾಗುವುದಿಲ್ಲ. ಬದಲಾಗುವುದು ಕೆಂಪು ರಕ್ತಕಣಗಳ ವಯಸ್ಸಿನಿಂದ. ಅಸ್ಥಿಮಜ್ಜೆಯಿಂದ ಹೊರಬಂದ ಕಣ ಸುಮಾರು 120 ದಿನ ರಕ್ತದಲ್ಲಿ ಸುತ್ತುತ್ತದೆ. ಸುತ್ತಿದಷ್ಟು ದಿನವೂ ಸಕ್ಕರೆ ಅದಕ್ಕೆ ನಿಧಾನವಾಗಿ ಅಂಟುತ್ತಾ ಹೋಗುತ್ತದೆ, ಅಂಟಿದ್ದು ಹೆಚ್ಚುಕಡಿಮೆ ಆ ಕಣ ಸಾಯುವವರೆಗೂ ಬಿಡುವುದಿಲ್ಲ. ಹೀಗಾಗಿ ಹಳೆಯ ಕಣದಲ್ಲಿ ಸಕ್ಕರೆ ಹೆಚ್ಚು, ಎಳೆಯ ಕಣದಲ್ಲಿ ಕಡಿಮೆ. ಆರೋಗ್ಯವಂತರಲ್ಲಿ ಎಳೆಯವೂ ಹಳೆಯವೂ ಒಂದು ಹದದಲ್ಲಿ ಬೆರೆತಿರುತ್ತವೆ, ಆ ಹದವನ್ನು ನಂಬಿಯೇ ನಾವು 6.5 ದಾಟಿದರೆ ಮಧುಮೇಹ ಎನ್ನುತ್ತೇವೆ. ಹದ ಕೆಟ್ಟರೆ ಯಂತ್ರ ಎಷ್ಟು ಸರಿಯಾಗಿ ಅಳೆದರೂ ಅಂಕಿಯ ಅರ್ಥ ಕೆಡುತ್ತದೆ.

ಈಗ ನಿಮ್ಮ ತಂದೆಯವರ ಲೆಕ್ಕವನ್ನೇ ಮಾಡೋಣ. ಇದು ಸ್ಥೂಲ ಲೆಕ್ಕ ಎಂಬುದು ನೆನಪಿರಲಿ. ಸ್ರಾವ ನಿಂತ ದಿನ ಅವರದೇ ಆದ ಹಿಮೋಗ್ಲೋಬಿನ್ ಉಳಿದದ್ದು 6.4. ಆ ನಂತರದ 49 ದಿನಗಳಲ್ಲಿ ಅದರ ಕಣಗಳು ಒಂದೊಂದಾಗಿ ಆಯಸ್ಸು ಮುಗಿಸಿ, ಇಂದಿಗೆ ಉಳಿದಿರುವುದು 3.8ರಷ್ಟು. ಕೊಟ್ಟ ಎರಡು ಬಾಟಲಿಯಿಂದ ಸೇರಿದ್ದು ಸುಮಾರು 2. ಅದರಲ್ಲೂ ಕರಗಿ ಈಗ ಒಂದು ಚಿಲ್ಲರೆ ಉಳಿದಿರಬಹುದು, ಅದು ಬೇರೆಯವರ ರಕ್ತ, ಅವರಿಗೆ ಸಕ್ಕರೆ ಕಾಯಿಲೆ ಇಲ್ಲದಿದ್ದರೆ ಅದರಲ್ಲಿ ಅಂಟಿದ್ದೂ ಕಡಿಮೆ. ಇನ್ನುಳಿದ ಏಳರಷ್ಟು ಪೂರ್ತಿ ಹೊಸದು, ಏಳು ವಾರಕ್ಕಿಂತ ಎಳೆಯದು. ಅಂದರೆ 11.9ರಲ್ಲಿ ನೂರಕ್ಕೆ ಅರವತ್ತರ ಹತ್ತಿರ ಎಳೆಯ ಕಣಗಳೇ ಇವೆ. ರಕ್ತ ಕಳೆದುಕೊಳ್ಳದವರಲ್ಲಿ ಈ ಪಾಲು ನೂರಕ್ಕೆ ನಲವತ್ತು. ಹಿಮೋಗ್ಲೋಬಿನ್ ಬೇಗ ಮೇಲೆ ಬಂದಿದೆ ಎಂಬುದೇ ಈ ಅಂಕಿಯನ್ನು ಅನುಮಾನಿಸಲು ಕಾರಣ, ನಂಬಲು ಅಲ್ಲ.

ಇನ್ನೊಂದು ಕಡೆಯಿಂದಲೂ ನೋಡಬಹುದು. ಎಚ್‌ಬಿಎ1ಸಿಯನ್ನು ಸರಾಸರಿ ಸಕ್ಕರೆಗೆ ತಿರುಗಿಸುವ ಸೂತ್ರವೊಂದಿದೆ, 2008ರ ಒಂದು ದೊಡ್ಡ ಅಧ್ಯಯನದಿಂದ ಬಂದದ್ದು:

```
eAG = 28.7 × A1c − 46.7
```

6.2ನ್ನು ಇದರಲ್ಲಿ ಹಾಕಿದರೆ ಸರಾಸರಿ 131 ಬರುತ್ತದೆ. ನಿಮ್ಮ ಮೀಟರಿನಲ್ಲಿ ದಿನದ ಅತಿ ಕಡಿಮೆ ಅಂಕಿಯೇ 165. ಅತಿ ಕಡಿಮೆಗಿಂತ ಸರಾಸರಿ ಕೆಳಗಿರಲು ಹೇಗೆ ಸಾಧ್ಯ? ಹಳೆಯ 8.1ನ್ನು ಹಾಕಿ ನೋಡಿ, 186 ಬರುತ್ತದೆ. ಅದು ಮೀಟರಿನ ಅಂಕಿಗಳಿಗೆ ಸರಿಹೊಂದುತ್ತದೆ. ವರದಿ ಮತ್ತು ಮೀಟರ್ ಹೀಗೆ ದೂರ ನಿಂತಾಗ ಕಾರಣ ಹುಡುಕದೆ ಮಾತ್ರೆ ಬದಲಿಸಬಾರದು.

ಮೀಟರಿನ ವಿಷಯಕ್ಕೆ ಬಂದರೆ, ಕೆಂಪು ಕಣ ಕಡಿಮೆಯಿದ್ದಾಗ ಹಲವು ಮೀಟರುಗಳು ನಿಜಕ್ಕಿಂತ ಹೆಚ್ಚು ತೋರಿಸುತ್ತವೆ. 11.9ರಲ್ಲಿ ಆ ವ್ಯತ್ಯಾಸ ದೊಡ್ಡದಿರಲಾರದು, ಆದರೆ ಊಹೆ ಬೇಡ. ಲ್ಯಾಬಿನಲ್ಲಿ ತೋಳಿನಿಂದ ರಕ್ತ ತೆಗೆಯುವ ಹೊತ್ತಿಗೇ ಬೆರಳು ಚುಚ್ಚಿ ನಿಮ್ಮ ಮೀಟರಿನಲ್ಲೂ ನೋಡಿ, ಎರಡನ್ನೂ ಪಕ್ಕಪಕ್ಕ ಬರೆದುಕೊಳ್ಳಿ. ಜೊತೆಗೆ ಫ್ರಕ್ಟೋಸಮಿನ್ ಪರೀಕ್ಷೆ ಮಾಡಿಸಬಹುದೇ ಎಂದು ವೈದ್ಯರನ್ನು ಕೇಳಿ. ಅದು ರಕ್ತದ ಪ್ರೋಟೀನಿಗೆ ಅಂಟಿದ ಸಕ್ಕರೆಯನ್ನು ಅಳೆಯುತ್ತದೆ, ಕೆಂಪು ಕಣದ ವಯಸ್ಸಿನ ಗೊಡವೆ ಅದಕ್ಕಿಲ್ಲ, ಹಿಂದಿನ ಎರಡು ಮೂರು ವಾರದ ಚಿತ್ರ ಕೊಡುತ್ತದೆ. ಆಲ್ಬುಮಿನ್ ತೀರ ಕಡಿಮೆಯಿದ್ದರೆ ಅದೂ ಇಳಿದು ಬರುತ್ತದೆ, ಆದ್ದರಿಂದ ಎರಡನ್ನೂ ಒಟ್ಟಿಗೆ ಮಾಡಿಸಿ. ಮಾತ್ರೆಯನ್ನು ನೀವೇ ಹೆಚ್ಚು ಮಾಡಬೇಡಿ. ಅಂಕಿಗಳನ್ನು ತೆಗೆದುಕೊಂಡು ಈ ವಾರವೇ ವೈದ್ಯರ ಬಳಿ ಹೋಗಿ.

ಧಾರವಾಡ ವಸುಧಾ

ಮೇಡಂ, ನನ್ನ ಅನುಭವ ಇದಕ್ಕೆ ಪೂರ್ತಿ ವಿರುದ್ಧ. ನನಗೆ 44 ವರ್ಷ. ಗರ್ಭಕೋಶದ ಗಡ್ಡೆಯಿಂದ ಮೂರು ವರ್ಷ ಪ್ರತಿ ತಿಂಗಳೂ ವಿಪರೀತ ಸ್ರಾವವಾಗುತ್ತಿತ್ತು, ಆದರೂ ಶಾಲೆಯ ಕೆಲಸ, ಮನೆ ಎಂದು ತಳ್ಳುತ್ತಾ ಬಂದೆ. ಮೆಟ್ಟಿಲು ಹತ್ತಿದರೆ ಎದೆ ಹಾರುತ್ತದೆಂದು ಕೊನೆಗೆ ತೋರಿಸಿದಾಗ ಹಿಮೋಗ್ಲೋಬಿನ್ 8.1, ಫೆರಿಟಿನ್ 5 ಇತ್ತು. ಪ್ಯಾಕೇಜಿನಲ್ಲಿ ಸೇರಿದ್ದರಿಂದ ಎಚ್‌ಬಿಎ1ಸಿ ಕೂಡ ಮಾಡಿದ್ದರು, 6.6 ಬಂತು. ಆ ಒಂದು ಅಂಕಿಯಿಂದ ನಾನು ಮಧುಮೇಹಿಯಾದೆ. ಖಾಲಿ ಹೊಟ್ಟೆಯ ಸಕ್ಕರೆ 92, ಊಟದ ನಂತರದ್ದು 124 ಎಂದು ಅದೇ ಹಾಳೆಯ ಮೇಲೆಯೇ ಅಚ್ಚಾಗಿತ್ತು, ಯಾರೂ ಅದರ ಕಡೆ ನೋಡಲಿಲ್ಲ. ನಮ್ಮ ಅತ್ತೆಯವರು ನನ್ನ ಕಾಫಿಗೆ ಸಕ್ಕರೆ ಹಾಕುವುದನ್ನು ಅಂದೇ ನಿಲ್ಲಿಸಿದರು.

ಇನ್ನೊಬ್ಬ ವೈದ್ಯೆ ಮಾತ್ರೆ ಶುರು ಮಾಡುವ ಮೊದಲು ಕಬ್ಬಿಣಾಂಶ ತುಂಬಿಸೋಣ ಎಂದರು. ಸ್ರಾವಕ್ಕೂ ಚಿಕಿತ್ಸೆ ಕೊಟ್ಟರು. ನಾಲ್ಕು ತಿಂಗಳು ಕಬ್ಬಿಣದ ಮಾತ್ರೆ ತೆಗೆದುಕೊಂಡ ಮೇಲೆ ಹಿಮೋಗ್ಲೋಬಿನ್ 12.2 ಆಯಿತು, ಎಚ್‌ಬಿಎ1ಸಿ ತಾನಾಗಿ 5.7ಕ್ಕೆ ಇಳಿಯಿತು. ನಾನು ಸಕ್ಕರೆಯ ಒಂದು ಮಾತ್ರೆಯನ್ನೂ ನುಂಗಿರಲಿಲ್ಲ. ನನಗೆ ಅರ್ಥವಾಗದಿರುವುದು ಇಷ್ಟೇ: ಅವರಿಗೂ ರಕ್ತ ಹೋಯಿತು, ನನಗೂ ರಕ್ತ ಹೋಯಿತು. ಅವರದು ಇಳಿದು ನನ್ನದು ಏರಿದ್ದೇಕೆ?

ಕಲಬುರಗಿ ಗುರು

ಸಕ್ಕರೆ ಮಾತ್ರೆಯಿಂದ ರಕ್ತಹೀನತೆ ಬರುತ್ತದೆಯೇ ಎಂಬ ಪ್ರಶ್ನೆಯನ್ನು ಇಲ್ಲಿ ಎತ್ತಿದ್ದು ಒಳ್ಳೆಯದಾಯಿತು. ನಾನು ಹನ್ನೆರಡು ವರ್ಷದಿಂದ ಮೆಟ್‌ಫಾರ್ಮಿನ್ ನುಂಗುತ್ತಿದ್ದೇನೆ. ಕಾಲು ಜೋಮು ಹಿಡಿಯುತ್ತದೆಂದು ತೋರಿಸಿದಾಗ ಬಿ12 ಕಡಿಮೆಯಾಗಿದೆ, ಅದರಿಂದಲೇ ರಕ್ತವೂ ಕಡಿಮೆಯಾಗಿದೆ ಎಂದರು. ಈಗ ಚುಚ್ಚುಮದ್ದು ನಡೆಯುತ್ತಿದೆ. ಇವರ ತಂದೆಯವರಿಗೂ ಅದೇ ಆಗಿರಬೇಕು, ಮೆಟ್‌ಫಾರ್ಮಿನ್ ನಿಲ್ಲಿಸುವುದು ಒಳ್ಳೆಯದು.

ಪೆಥಾಲಜಿ ಪದ್ಮಿನಿ

ಗುರು ಅವರೇ, ಇಲ್ಲಿ ಕೇಳಿರುವುದು ಬೇರೆಯೇ ಪ್ರಶ್ನೆ. ಅವರ ತಂದೆಯ ರಕ್ತ ಹೋದದ್ದು ಹುಣ್ಣಿನಿಂದ, ಮೆಟ್‌ಫಾರ್ಮಿನ್‌ನಿಂದ ಅಲ್ಲ. ದಯವಿಟ್ಟು ಅದನ್ನು ನಿಲ್ಲಿಸಲು ಹೇಳಬೇಡಿ. ಆದರೂ ನಿಮ್ಮ ವಿಷಯ ಈ ಚರ್ಚೆಗೆ ಇನ್ನೊಂದು ದಾರಿಯಿಂದ ಬಂದು ಸೇರುತ್ತದೆ. ಮೆಟ್‌ಫಾರ್ಮಿನ್ ಬಹುಕಾಲ ತೆಗೆದುಕೊಂಡವರಲ್ಲಿ ಬಿ12 ಇಳಿಯುವುದುಂಟು. ಬಿ12 ಕೊರತೆಯಿದ್ದಾಗ ಹೊಸ ಕಣಗಳು ಕಡಿಮೆ ಬರುವುದರಿಂದ ಎಚ್‌ಬಿಎ1ಸಿ ಹೆಚ್ಚಾಗಿ ಕಾಣಬಹುದು. ಚುಚ್ಚುಮದ್ದು ಶುರುವಾದ ವಾರದೊಳಗೆ ಹೊಸ ಕಣಗಳು ಒಮ್ಮೆಲೇ ನುಗ್ಗಿ ಬರುತ್ತವೆ, ಆಗ ಅದೇ ಅಂಕಿ ಇಳಿಯುತ್ತದೆ. ನಿಮ್ಮ ಮುಂದಿನ ವರದಿಯಲ್ಲಿ ಎಚ್‌ಬಿಎ1ಸಿ ಚೆನ್ನಾಗಿ ಇಳಿದಿದ್ದರೆ, ಅದು ಪಥ್ಯದಿಂದಲೋ ಚುಚ್ಚುಮದ್ದಿನಿಂದಲೋ ಎಂದು ಬೆರಳ ತುದಿಯ ಅಂಕಿಗಳನ್ನು ನೋಡಿ ತೀರ್ಮಾನಿಸಿ.

ವಸುಧಾ, ನಿಮ್ಮ ಪ್ರಶ್ನೆಗೆ ಉತ್ತರವೂ ಅಲ್ಲಿಯೇ ಇದೆ. ಹರಿಹರದವರ ತಂದೆಗೆ ರಕ್ತ ಒಮ್ಮೆಲೇ ಹೋಯಿತು, ಮಜ್ಜೆಯ ಬಳಿ ದಾಸ್ತಾನಿತ್ತು, ಮೇಲಿಂದ ಕಬ್ಬಿಣದ ಮಾತ್ರೆಯೂ ಸಿಕ್ಕಿತು, ಆದ್ದರಿಂದ ಅದು ಜೋರಾಗಿ ಹೊಸ ಕಣ ಹೊರಡಿಸಿತು. ನಿಮಗೆ ಮೂರು ವರ್ಷ ಸ್ವಲ್ಪ ಸ್ವಲ್ಪವಾಗಿ ಹೋಗಿ, ಕಣ ಕಟ್ಟಲು ಬೇಕಾದ ಕಬ್ಬಿಣವೇ ಬರಿದಾಗಿತ್ತು. ಫೆರಿಟಿನ್ 5 ಎಂದರೆ ಉಗ್ರಾಣದಲ್ಲಿ ಏನೂ ಇಲ್ಲ. ಮಜ್ಜೆ ಹೊಸ ಕಣ ಕಳುಹಿಸಲಾರದೆ ಹೋದಾಗ ರಕ್ತದಲ್ಲಿ ಹಳೆಯ ಕಣಗಳ ಪಾಲು ಹೆಚ್ಚುತ್ತದೆ, ಹಳೆಯದರಲ್ಲಿ ಸಕ್ಕರೆ ಹೆಚ್ಚು, ಅಂಕಿ ಮೇಲೇರುತ್ತದೆ. ಕಬ್ಬಿಣ ಕೊಟ್ಟಾಗ ಅದು ಇಳಿದದ್ದೂ ಅದಕ್ಕೇ.

ಇದನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆಯಿದೆ ಎಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ಅವರೆಲ್ಲರ ಎಚ್‌ಬಿಎ1ಸಿ ಸುಳ್ಳೆಂದಲ್ಲ. ಆದರೆ 5.7 ಮತ್ತು 6.5ರ ಗಡಿಗಳ ಅಕ್ಕಪಕ್ಕ ಬಿದ್ದ ಅಂಕಿಯನ್ನು ಹಿಮೋಗ್ಲೋಬಿನ್ ನೋಡದೆ ಓದಬಾರದು. ಅಂಥವರಲ್ಲಿ ರೋಗನಿರ್ಣಯ ಸಕ್ಕರೆಯನ್ನೇ ನೇರವಾಗಿ ಅಳೆದು ಆಗಬೇಕು: ಖಾಲಿ ಹೊಟ್ಟೆಯಲ್ಲಿ 126 ಅಥವಾ 75 ಗ್ರಾಂ ಗ್ಲುಕೋಸ್ ಕುಡಿಸಿದ ಎರಡು ಗಂಟೆಗೆ 200.

ನಿಮ್ಮ 5.7ನ್ನೂ ಕೊನೆಯ ಮಾತೆಂದು ತಿಳಿಯಬೇಡಿ. ಕಬ್ಬಿಣ ತುಂಬುತ್ತಿರುವಾಗ ಎಳೆಯ ಕಣಗಳು ಹೆಚ್ಚಿರುವುದರಿಂದ ಅಂಕಿ ಸ್ವಲ್ಪ ಕಾಲ ನಿಜಕ್ಕಿಂತ ಕೆಳಗೂ ಇಳಿಯಬಹುದು. ಹಿಮೋಗ್ಲೋಬಿನ್ ಒಂದೇ ಮಟ್ಟದಲ್ಲಿ ನಿಂತ ಮೂರು ನಾಲ್ಕು ತಿಂಗಳ ಮೇಲೆ ಇನ್ನೊಮ್ಮೆ ನೋಡಿಸಿ.

ಧಾರವಾಡ ವಸುಧಾ

ಹಾಗಾದರೆ ಚಿಕಿತ್ಸೆಯಿಲ್ಲದೆ ಸ್ರಾವ ನಡೆಯುತ್ತಲೇ ಇರುವವರ ಗತಿಯೇನು, ಮೇಡಂ? ರಕ್ತವೂ ಹೋಗುತ್ತಿದೆ, ಕಬ್ಬಿಣವೂ ಇಲ್ಲ. ಒಂದು ಕಾರಣ ಕೆಳಕ್ಕೆ ಎಳೆಯುತ್ತದೆ, ಇನ್ನೊಂದು ಮೇಲಕ್ಕೆ ತಳ್ಳುತ್ತದೆ.

ಪೆಥಾಲಜಿ ಪದ್ಮಿನಿ

ಅಂಥವರಲ್ಲಿ ಅಂಕಿ ಯಾವ ಕಡೆಗೆ ವಾಲುತ್ತದೆಂದು ನಾನು ಹೇಳಲಾರೆ, ಹೇಳುತ್ತೇನೆನ್ನುವವರನ್ನು ನಂಬಲೂ ಆರೆ. ಕಬ್ಬಿಣ ಪೂರ್ತಿ ಬರಿದಾದವರಲ್ಲಿ ಸಾಮಾನ್ಯವಾಗಿ ಮೇಲಕ್ಕೆ ಹೋದದ್ದನ್ನು ಕಂಡಿದ್ದೇನೆ. ರೆಟಿಕ್ಯುಲೋಸೈಟ್ ಎಣಿಕೆ ಮಾಡಿಸಿದರೆ ಮಜ್ಜೆ ಹೊಸ ಕಣಗಳನ್ನು ಜೋರಾಗಿ ಕಳುಹಿಸುತ್ತಿದೆಯೇ ಎಂಬ ಸುಳಿವು ಸಿಗುತ್ತದೆ. ಸುಳಿವು ಮಾತ್ರ, ಅದನ್ನು ಹಿಡಿದು 6.6ರಲ್ಲಿ ಇಷ್ಟು ಕಳೆಯಿರಿ ಎಂದು ತಿದ್ದುವ ಸೂತ್ರ ಯಾವುದೂ ಇಲ್ಲ.

ಲ್ಯಾಬ್ ಕಿಟಕಿ

ನಾನು ಮಂಗಳೂರಿನಲ್ಲಿ ಲ್ಯಾಬ್ ಟೆಕ್ನಿಷಿಯನ್. ಮೇಡಂ ಹೇಳಿದ್ದಕ್ಕೆ ಕಿಟಕಿಯ ಈಚೆಯಿಂದ ಒಂದು ಮಾತು ಸೇರಿಸುತ್ತೇನೆ. ಎಚ್‌ಬಿಎ1ಸಿಗೆಂದು ಬರುವ ಟ್ಯೂಬಿನ ಜೊತೆ ನಮಗೆ ಸಿಗುವುದು ಹೆಸರು, ವಯಸ್ಸು ಮತ್ತು ಬಾರ್‌ಕೋಡ್ ಮಾತ್ರ. ಈ ವ್ಯಕ್ತಿಗೆ ಕಳೆದ ತಿಂಗಳು ರಕ್ತ ಕೊಟ್ಟಿದ್ದಾರೆಂದು ತಿಳಿಯುವ ದಾರಿಯೇ ನಮಗಿಲ್ಲ. ಯಂತ್ರದಲ್ಲಿ ಬರುವ ಗ್ರಾಫ್ ಕೂಡ ಎಳೆಯ ಕಣ, ದಾನಿಯ ಕಣ ಎಂದು ಬೇರೆ ಮಾಡಿ ತೋರಿಸುವುದಿಲ್ಲ. ಎಲ್ಲವೂ ಒಂದೇ ಗೆರೆಯಲ್ಲಿ ಅಚ್ಚುಕಟ್ಟಾಗಿ ಬರುತ್ತದೆ. ಕುಡಗೋಲು ಕಣದಂಥ ಬೇರೆ ಜಾತಿಯ ಹಿಮೋಗ್ಲೋಬಿನ್ ಇದ್ದರೆ ಗ್ರಾಫಿನಲ್ಲಿ ಇನ್ನೊಂದು ಶಿಖರ ಎದ್ದು ನಮಗೆ ಎಚ್ಚರಿಕೆ ಸಿಗುತ್ತದೆ, ರಕ್ತಸ್ರಾವಕ್ಕೆ ಅಂಥ ಯಾವ ಗುರುತೂ ಇಲ್ಲ. ಆದ್ದರಿಂದ ಹಿಂದಿನ ನಾಲ್ಕು ತಿಂಗಳಲ್ಲಿ ರಕ್ತ ಹೋಗಿದ್ದರೆ, ರಕ್ತ ಪಡೆದಿದ್ದರೆ, ಕಬ್ಬಿಣ ಅಥವಾ ಬಿ12 ಶುರುವಾಗಿದ್ದರೆ, ಸೂಜಿ ಚುಚ್ಚುವ ಮೊದಲೇ ಹೇಳಿ, ಚೀಟಿಯ ಮೇಲೆ ಬರೆಸಿ. ಸಾಧ್ಯವಿದ್ದರೆ ರಕ್ತ ಕೊಡುವ ಮೊದಲೇ ಎಚ್‌ಬಿಎ1ಸಿಗೆ ಸ್ಯಾಂಪಲ್ ತೆಗೆದಿಡುವುದು ಇನ್ನೂ ಒಳ್ಳೆಯದು.

ಅಡಿಕೆ ತೋಟ

ನಾನು ಪ್ರಮಾಣವನ್ನು ನೋಡಿದೆ, ವಯಸ್ಸನ್ನು ನೋಡಲಿಲ್ಲ. ತಪ್ಪು ಒಪ್ಪಿದೆ. ಅಣ್ಣನಿಗೆ ಡಯಾಲಿಸಿಸ್ ದಿನ ರಕ್ತ ಹೆಚ್ಚಿಸುವ ಇಂಜೆಕ್ಷನ್ ಕೊಡುತ್ತಿದ್ದರು. ಅವನ ಎಚ್‌ಬಿಎ1ಸಿ ಯಾವಾಗಲೂ 6ರ ಆಸುಪಾಸು ಇರುತ್ತಿತ್ತು, ನಾವು ಅದನ್ನು ನೋಡಿ ನಿಶ್ಚಿಂತರಾಗಿದ್ದೆವು. ಅದೂ ಇದೇ ಲೆಕ್ಕವೇ?

ಪೆಥಾಲಜಿ ಪದ್ಮಿನಿ

ಹೌದು. ಆ ಇಂಜೆಕ್ಷನ್ ಮಜ್ಜೆಯಿಂದ ಎಳೆಯ ಕಣಗಳನ್ನು ಹೊರಡಿಸುತ್ತದೆ, ಮೂತ್ರಪಿಂಡ ಸೋತವರಲ್ಲಿ ಕಣದ ಆಯಸ್ಸೂ ಕಡಿಮೆ. ಎರಡೂ ಅಂಕಿಯನ್ನು ಕೆಳಕ್ಕೇ ಎಳೆಯುತ್ತವೆ.

ಹರಿಹರದ ಮಗ

ಹನ್ನೊಂದು ದಿನದ ನಂತರ ಬರೆಯುತ್ತಿದ್ದೇನೆ. ಮೇಡಂ ಹೇಳಿದಂತೆ ಲ್ಯಾಬಿನ ಕುರ್ಚಿಯಲ್ಲಿ ಕೂತಲ್ಲೇ ಅಪ್ಪನ ಬೆರಳು ಚುಚ್ಚಿದೆ: ಮೀಟರಿನಲ್ಲಿ 176, ಲ್ಯಾಬಿನ ವರದಿಯಲ್ಲಿ 168. ಮೀಟರು ಸ್ವಲ್ಪ ಹೆಚ್ಚು ತೋರಿಸುತ್ತಿತ್ತು, ಆದರೆ ಸುಳ್ಳು ಹೇಳುತ್ತಿರಲಿಲ್ಲ. ಫ್ರಕ್ಟೋಸಮಿನ್ 372 ಬಂದಿದೆ. ಆ ಲ್ಯಾಬ್ 285ರವರೆಗೆ ಸಹಜ ಎಂದು ಅಚ್ಚು ಹಾಕಿದೆ. ಆಲ್ಬುಮಿನ್ 3.9. ಈ ಮೂರರ ಜೊತೆಗೆ ಎರಡು ವಾರದ ಮೀಟರಿನ ಅಂಕಿಗಳನ್ನು ಒಂದು ಹಾಳೆಯಲ್ಲಿ ಬರೆದು, ರಕ್ತ ಕೊಟ್ಟ ದಿನಾಂಕವನ್ನು ಮೇಲೆಯೇ ಕೆಂಪು ಶಾಯಿಯಲ್ಲಿ ನಮೂದಿಸಿ ವೈದ್ಯರಿಗೆ ಕೊಟ್ಟೆ. ಅವರು ಎರಡು ನಿಮಿಷ ಓದಿ, ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿಯನ್ನು ತಾವು ಅಂದು ನೋಡಿರಲಿಲ್ಲವೆಂದು ನೇರವಾಗಿ ಒಪ್ಪಿಕೊಂಡು, ಗ್ಲಿಮೆಪಿರೈಡನ್ನು ಮತ್ತೆ 2 ಮಿಲಿಗ್ರಾಂ ಮಾಡಿದರು.

ಎಚ್‌ಬಿಎ1ಸಿಯನ್ನು ಮತ್ತೆ ಯಾವಾಗ ನೋಡಬೇಕು ಎಂಬುದರಲ್ಲಿ ಮಾತ್ರ ಒಮ್ಮತವಿಲ್ಲ. ವೈದ್ಯರು ರಕ್ತ ಕೊಟ್ಟ ದಿನದಿಂದ ಮೂರು ತಿಂಗಳು ಸಾಕು ಎನ್ನುತ್ತಾರೆ.

ಪೆಥಾಲಜಿ ಪದ್ಮಿನಿ

ಬಹಳ ಮಂದಿ ಮೂರು ತಿಂಗಳೆನ್ನುತ್ತಾರೆ. ಕಣದ ಆಯಸ್ಸೇ ನಾಲ್ಕು ತಿಂಗಳಿರುವಾಗ ನಾನು ನಾಲ್ಕಕ್ಕೆ ಕಾಯುತ್ತಿದ್ದೆ, ಅದೂ ಹಿಮೋಗ್ಲೋಬಿನ್ ಏರುವುದು ನಿಂತ ಮೇಲೆ. ಅಲ್ಲಿಯವರೆಗೆ ಫ್ರಕ್ಟೋಸಮಿನ್ ಮತ್ತು ಮೀಟರಿನಿಂದ ನಡೆಸಬಹುದು. ಫೆರಿಟಿನ್ ನೋಡಿದ್ದಾರೆಯೇ?

ಹರಿಹರದ ಮಗ

ನೋಡಿದ್ದಾರೆ, 14 ಇದೆ. ಕಬ್ಬಿಣದ ಮಾತ್ರೆಯಿಂದ ಹೊಟ್ಟೆ ಕಟ್ಟುತ್ತದೆಂದು ಅಪ್ಪ ಎರಡು ವಾರದಿಂದ ನುಂಗುತ್ತಿರಲಿಲ್ಲವಂತೆ, ಅದೂ ಮೊನ್ನೆ ತಿಳಿಯಿತು.

ಪೆಥಾಲಜಿ ಪದ್ಮಿನಿ

ಹಾಗಾದರೆ ಮಾತ್ರೆಯನ್ನು ಇಂದೇ ಮತ್ತೆ ಶುರು ಮಾಡಿಸಿ. ಹೊಟ್ಟೆ ಕಟ್ಟಿದರೆ ಬೇರೆ ಬಗೆಯ ಕಬ್ಬಿಣ ಬರೆದುಕೊಡಲು ವೈದ್ಯರನ್ನು ಕೇಳಿ. ಇಲ್ಲವಾದರೆ ಮುಂದಿನ ಎಚ್‌ಬಿಎ1ಸಿ ವಸುಧಾ ಅವರದರಂತೆ ಮೇಲಕ್ಕೆ ತಪ್ಪಿ ಬರಬಹುದು, ಆಗ ಗ್ಲಿಮೆಪಿರೈಡನ್ನು ಅಗತ್ಯಕ್ಕಿಂತ ಹೆಚ್ಚು ಮಾಡುವ ಅಪಾಯವಿದೆ. ಮಲದ ಬಣ್ಣದ ಮೇಲೂ ಕಣ್ಣಿರಲಿ. ಕಬ್ಬಿಣದ ಮಾತ್ರೆಯಿಂದಲೂ ಅದು ಕಪ್ಪಾಗುತ್ತದೆ, ಆದರೆ ಟಾರಿನಂತೆ ಅಂಟುತ್ತಿದ್ದು ಕೆಟ್ಟ ವಾಸನೆಯಿದ್ದರೆ ಅದು ರಕ್ತ. ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.